ಮಗ್ಗ ತನ್ನದೇ ಇದ್ದರೂ ದುಡಿಮೆ ಪರಕೀಯವೇ?

ಪ್ರಶ್ನೆ: ಇಳಕಲ್ಲಿನ ನೇಕಾರನ ಮನೆಯೊಳಗಿನ ಮಗ್ಗ ಅವನದೇ. ಆದರೂ ಅವನ ದುಡಿಮೆ ಪರಕೀಯ ಅನ್ನಬಹುದಾ? ಚಾರಿತ್ರಿಕ ಭೌತವಾದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ನೂಲು ಯಾರದು ಎಂದು ಮೊದಲು ಕೇಳಿ. ಸಾಹುಕಾರ ನೂಲು ಕೊಟ್ಟು, ಸೀರೆಗೆ ಇಷ್ಟು ಎಂದು ಕೂಲಿ ಕೊಡುತ್ತಿದ್ದರೆ, ಕುಣಿಮಗ್ಗದಿಂದ ಇಳಿದ ಸೀರೆ ನೇಯ್ದವನದಲ್ಲ. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಕಸುಬು ಅವನದು, ಮಾರುವ ಬೆಲೆ ಬೇರೆಯವರದು. ಮಾರ್ಕ್ಸ್ 1844ರ ಹಸ್ತಪ್ರತಿಗಳಲ್ಲಿ ಪರಕೀಯತೆಗೆ, ಅಂದರೆ ದುಡಿಯುವವನು ತನ್ನ ದುಡಿಮೆಗೇ ಹೊರಗಿನವನಾಗುವುದಕ್ಕೆ, ನಾಲ್ಕು ಮುಖ ಹೇಳುತ್ತಾನೆ. ಅವುಗಳಲ್ಲಿ ಉತ್ಪನ್ನದಿಂದ ದೂರವಾಗುವುದು ಇಲ್ಲಿ ಪೂರ್ತಿ ಕಾಣುತ್ತದೆ. ದುಡಿಯುವ ಕ್ರಿಯೆಯಿಂದ ದೂರವಾಗುವುದು ಅರ್ಧ ಮಾತ್ರ, ಯಾಕೆಂದರೆ ವೇಗ ಇನ್ನೂ ಅವನ ಕೈಕಾಲಿನದು. ತನ್ನ ಮಾನವ ಸ್ವಭಾವದಿಂದ, ಸಹಮಾನವರಿಂದ ದೂರವಾಗುವುದು ಇವೆರಡರ ಫಲ.

ಅವನೇ ಪವರ್‌ಲೂಮ್ ಶೆಡ್ಡಿಗೆ ಹೋದನೆನ್ನಿ. ಮಗ್ಗವೂ ಕೈತಪ್ಪಿತು, ವೇಗ ಮೋಟಾರಿನದಾಯಿತು, ಹರಿದ ಎಳೆ ಕಟ್ಟುತ್ತ ನಿಲ್ಲುವುದೇ ಕೆಲಸ. ಜನ ಬದುಕಿಗೆ ಬೇಕಾದ್ದನ್ನು ಹೇಗೆ ಉತ್ಪಾದಿಸುತ್ತಾರೆ ಎಂಬುದರಿಂದ ಇತಿಹಾಸವನ್ನು ವಿವರಿಸುವ ಚಾರಿತ್ರಿಕ ಭೌತವಾದಕ್ಕೆ ಈ ಕ್ರಮವೇ ಮುಖ್ಯ: ಇಲ್ಲಿ ಮಗ್ಗ ಹಳೆಯದಿರುವಾಗಲೇ ನೂಲು ಯಾರದು, ಕೂಲಿ ಯಾರಿಗೆ ಎಂಬ ಉತ್ಪಾದನಾ ಸಂಬಂಧ ಬದಲಾಗಿತ್ತು, ಉಪಕರಣ, ಕೌಶಲಗಳೆಂಬ ಉತ್ಪಾದನಾ ಶಕ್ತಿ ಬದಲಾದದ್ದು ಆಮೇಲೆ. ಅದಕ್ಕೇ ‘ಯಂತ್ರ ಬಂತು, ಬಂಡವಾಳಶಾಹಿ ಬಂತು’ ಎಂಬ ಒಂದು ಸಾಲಿನ ಉತ್ತರ ಈ ಉದಾಹರಣೆಯಲ್ಲೇ ಮುಗ್ಗರಿಸುತ್ತದೆ.

ಪರೀಕ್ಷೆಯಲ್ಲಿ ‘ನೇಕಾರನಿಗೆ ಬೇಸರ’ ಎಂದೂ ಬರೆಯಬೇಡಿ. ಹಾಡುತ್ತ ನೇಯ್ದರೂ ಸೀರೆ ಸಾಹುಕಾರನದೇ.