ಮೋಸ ಅಂತ ಬರೆಯಬೇಡಿ, ಮಾಡೆಲ್ ನಂಬರ್ ಬರೆಯಿರಿ

ಪ್ರಶ್ನೆ: ಕಾಫಿ ತೋಟದ ಕಳೆ ಹೊಡೆಯಲು ಆನ್‌ಲೈನ್‌ನಲ್ಲಿ ಫೋರ್ ಸ್ಟ್ರೋಕ್ ಮಿಷನ್ ತರಿಸಿದೆ. ಬಂದದ್ದು ಟೂ ಸ್ಟ್ರೋಕ್. ಫೋಟೋ ಸಮೇತ ದೂರು ಕೊಟ್ಟರೂ 'ವಸ್ತು ಸರಿಯಾಗಿದೆ' ಅಂತ ಮುಚ್ಚಿಬಿಟ್ಟರು. ಏನು ಮಾಡಲಿ? – ಬೆಳೆಗಾರ, ನಾಪೋಕ್ಲು

ಉತ್ತರ: ನಿಮ್ಮ ದೂರು ಓದಿದೆ. 'ಮೋಸ' ಅನ್ನುವ ಮಾತು ಆರು ಸಲ ಇದೆ, ಮಾಡೆಲ್ ನಂಬರ್ ಒಂದು ಸಲವೂ ಇಲ್ಲ. ಫೋಟೋದಲ್ಲಿ ಇಡೀ ಮಿಷನ್ ಜಗಲಿ ಮೇಲೆ ಮಲಗಿದೆ. ಎಲ್ಲೋ ಕೂತು ದೂರು ನೋಡುವವರಿಗೆ ಎರಡೂ ಮಾಡೆಲ್ ಒಂದೇ ಥರ ಕಾಣುತ್ತವೆ. ಎಷ್ಟು ಸಲ ಹೇಳಿದರೂ ಜನ ಇದೇ ತಪ್ಪು ಮಾಡುತ್ತಾರೆ, ನನಗೆ ಬೇಜಾರಾಗುತ್ತದೆ.

ಮೊದಲು ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಹೋದ ಮೇಲೆ ಆ ಪುಟ ಬದಲಾಗಬಹುದು. ಆಮೇಲೆ ಎಂಜಿನ್ ಮೇಲಿರುವ ಸಣ್ಣ ಪಟ್ಟಿ ಒರೆಸಿ, ಫ್ಲ್ಯಾಶ್ ಆಫ್ ಮಾಡಿ, ಹಗಲು ಬೆಳಕಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಅಕ್ಷರ ಹೊಳೆದು ಅಳಿಸಿಹೋಗುತ್ತದೆ. ಫೋರ್ ಸ್ಟ್ರೋಕ್‌ಗೆ ಎಂಜಿನ್ ಆಯಿಲ್ ಹಾಕುವ ಬೇರೆ ಮುಚ್ಚಳ ಇರುತ್ತದೆ. ಟೂ ಸ್ಟ್ರೋಕ್‌ಗೆ ಇಲ್ಲ, ಅದಕ್ಕೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆ ಜಾಗದ್ದೂ ಒಂದು ಫೋಟೋ ಇರಲಿ. ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಲು ಹೋಗಬೇಡಿ, 'ಬಳಸಿದ್ದಾರೆ' ಅಂದುಬಿಡುತ್ತಾರೆ.

ಈಗ ಬಿಲ್ ನೋಡಿ. ಅದರಲ್ಲಿ ಪುಟದಲ್ಲಿದ್ದ ಮಾಡೆಲೇ ಇದ್ದರೆ ನಿಮ್ಮ ಕೈ ಗಟ್ಟಿ. ಬಂದ ಮಾಡೆಲೇ ಇದ್ದರೆ ಸ್ಕ್ರೀನ್‌ಶಾಟೇ ನಿಮ್ಮ ಆಧಾರ. ಪತ್ರ ಇಷ್ಟು ಸಾಕು:

"ಆರ್ಡರ್ ಸಂಖ್ಯೆ ಇಂಥದ್ದು, ಇಂಥ ದಿನ ತಲುಪಿದೆ. ಪುಟದಲ್ಲಿರುವ ಮಾಡೆಲ್ ಇದು (ಚಿತ್ರ 1). ಎಂಜಿನ್ ಪಟ್ಟಿಯಲ್ಲಿರುವ ಮಾಡೆಲ್ ಇದು (ಚಿತ್ರ 2). ಎರಡೂ ಬೇರೆ. ಮಿಷನ್ ಬಳಸಿಲ್ಲ. ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ."

ಬದಲಿ ಮಿಷನ್ ಬೇಕಾದರೆ ಅದನ್ನೇ ಕೇಳಿ. ಎರಡನ್ನೂ ಕೇಳಿದರೆ ಸುಮ್ನೆ ಎಳೆದಾಡುತ್ತಾರೆ. ವಾಪಸಿನ ಕಾರಣದಲ್ಲಿ 'ಇಷ್ಟವಾಗಲಿಲ್ಲ' ಒತ್ತಬೇಡಿ, 'ಬೇರೆ ವಸ್ತು ಬಂದಿದೆ' ಅಂತಲೇ ಇರಲಿ.

ಪತ್ರವನ್ನು ಚಾಟ್‌ನಲ್ಲಿ ಹಾಕದೆ, ವೆಬ್‌ಸೈಟ್‌ನಲ್ಲಿ ಹೆಸರಿರುವ ದೂರು ಅಧಿಕಾರಿಗೆ ಇಮೇಲ್ ಮಾಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜಾಹೀರಾತಿನಂತೆ ಇಲ್ಲದ ವಸ್ತು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಾರುವವರು ಎಲ್ಲೇ ಇರಲಿ, ನೀವು ಕೊಡಗಿನಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ.

ಪ್ರಶ್ನೆ: ಪೆಟ್ಟಿಗೆ ತೆರೆಯುವಾಗ ವಿಡಿಯೋ ಮಾಡಿಲ್ಲ, ಹಣ ಹೋಯ್ತಾ? – ಕುಶಾಲನಗರ

ಉತ್ತರ: ಇಲ್ಲ. ವಿಡಿಯೋ ಇರಲೇಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ.

ಪ್ರಶ್ನೆ: ಹುಡುಕಿದಾಗ ಸಿಕ್ಕ ಕಸ್ಟಮರ್ ಕೇರ್ ನಂಬರಿನವರು ರೀಫಂಡ್‌ಗೆ ಒಂದು ಆ್ಯಪ್ ಹಾಕಿಕೊಳ್ಳಿ ಅಂತಾರೆ. – ವಿರಾಜಪೇಟೆ

ಉತ್ತರ: ಹಾಕಬೇಡಿ! ಅವರು ಕಳ್ಳರು. ಫೋನ್ ಇಟ್ಟುಬಿಡಿ. ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಬ್ಯಾಂಕಿಗೆ, ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ.