ಫೋಟೊ ತಿದ್ದಲು ಮಾನಿಟರಿನ ಬಿಳುಪು ಎಷ್ಟು ಕೆಲ್ವಿನ್?

ಪ್ರಶ್ನೆ: ಜಯನಗರದ ಮನೆಯಲ್ಲಿ ಒಂದೇ ಮಾನಿಟರಿನಲ್ಲಿ ಮದುವೆ ಫೋಟೊ ತಿದ್ದುತ್ತೇನೆ, ಬ್ರೌಸಿಂಗೂ ಮಾಡುತ್ತೇನೆ. ವೈಟ್ ಪಾಯಿಂಟ್ ಎಷ್ಟಿಡಲಿ?

ಉತ್ತರ: ಫೋಟೊ ಮೊಬೈಲಿಗೆ, ವೆಬ್‌ಗೆ ಹೋಗುವುದಾದರೆ ಎರಡಕ್ಕೂ 6500 ಕೆಲ್ವಿನ್ ಇಡಿ, ವೆಬ್‌ನ ಸಾಮಾನ್ಯ ಬಣ್ಣದ ಮಾನದಂಡವಾದ sRGBಯ ಬಿಳುಪು ಅದೇ. ರಾತ್ರಿ ಓದುವಾಗ ನೈಟ್ ಲೈಟ್ ಹಾಕಿಕೊಳ್ಳಬಹುದು, ಆದರೆ ತಿದ್ದಲು ಕೂತಾಗ ಅದನ್ನು ಆಫ್ ಮಾಡಲೇಬೇಕು. ಮರೆತರೆ ವಧುವಿನ ಮುಖ ಹಳದಿ ಕಂಡು ನೀವು ನೀಲಿ ಸೇರಿಸುತ್ತೀರಿ. ಗ್ರಾಹಕರ ಫೋನಿನಲ್ಲಿ ಆ ಮುಖ ಬಿಳಿಚಿಕೊಂಡು ನೀಲಿಯಾಗಿರುತ್ತದೆ.

ಆಲ್ಬಮ್ ಪ್ರಿಂಟಿಗಾದರೆ ಕಾಗದವನ್ನೇ ಅಳತೆಗೆ ಹಿಡಿಯಿರಿ. 5000 ಕೆಲ್ವಿನ್ ದೀಪದ ಕೆಳಗೆ ಲ್ಯಾಬಿನ ಖಾಲಿ ಕಾಗದವಿಟ್ಟು, ಪಕ್ಕದ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬಿಡಿ. ಪರದೆ ಇನ್ನೂ ನೀಲಿ ಎನಿಸಿದರೆ 5800ಕ್ಕೆ ಇಳಿಸಿ, ಮತ್ತೆ ಹೋಲಿಸಿ. ದೀಪ 5000 ಇದ್ದರೂ ಕಣ್ಣಿಗೆ ಹೊಂದುವ ಸಂಖ್ಯೆ ಅದಕ್ಕಿಂತ ಮೇಲಿರುವುದು ಸಾಮಾನ್ಯ. ಇದನ್ನು ಬೇರೆ ಪ್ರೊಫೈಲ್ ಆಗಿ ಉಳಿಸಿಕೊಳ್ಳಿ.

ಮಾನಿಟರ್ ಮೆನುವಿನ 6500 ಅನ್ನು ಮಾತ್ರ ನಂಬಬೇಡಿ. ಕೆಲ್ವಿನ್ ಹಳದಿ-ನೀಲಿಯ ಲೆಕ್ಕವಷ್ಟೇ, ಹಸಿರು ಅಥವಾ ಗುಲಾಬಿ ಛಾಯೆಯನ್ನು ಅದು ಹೇಳುವುದಿಲ್ಲ. ಪರದೆಯ ಬಣ್ಣ ಅಳೆಯುವ ಕಲರಿಮೀಟರಿನಲ್ಲಿ sRGBಯ ಪ್ರಮಾಣಿತ ಬಿಳುಪಾದ D65 ಗುರಿ ಆರಿಸಿ, ಬಿಳುಪಿನ ಅಳತೆ x 0.3127, y 0.3290 ಹತ್ತಿರ ಬಂತೇ ನೋಡಿ.