ಎನ್‌ಪಿವಿ ಪ್ಲಸ್ ಬಂದರೆ ಮೆಷಿನ್ ತಗೊಳ್ಳಬಹುದಾ?

"ತುಮಕೂರಿನಲ್ಲಿ ನಮ್ಮ ಅಕ್ಕಿ ಗಿರಣಿಗೆ 20 ಲಕ್ಷದ ಕಲರ್ ಸಾರ್ಟರ್ ತಗೊಳ್ಳೋಣ ಅಂತಿದ್ದೇವೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಎನ್‌ಪಿವಿ 1.63 ಲಕ್ಷ, ಐಆರ್‌ಆರ್ 15% ಅಂತ ಇದೆ. ತಗೊಳ್ಳಬಹುದಾ?"

ಲೆಕ್ಕದ ಪ್ರಕಾರ ತಗೊಳ್ಳಬಹುದು, ಆದರೆ ಅಂತರ ತುಂಬಾ ತೆಳು.

ನಿಮ್ಮ ರಿಪೋರ್ಟ್ ವರ್ಷಕ್ಕೆ 6 ಲಕ್ಷದಂತೆ 5 ವರ್ಷದ ಉಳಿತಾಯ ಹಿಡಿದು, ಬಂಡವಾಳದ ಖರ್ಚು, ಅಂದರೆ ಹಾಕಿದ ಸಾಲ ಮತ್ತು ಸ್ವಂತ ದುಡ್ಡಿಗೆ ವರ್ಷಕ್ಕೆ ಬೀಳುವ ದರ, 12% ಅಂತ ಇಟ್ಟಿರಬೇಕು. ಸುಮ್ನೆ ಕೂಡಿದರೆ 30 ಲಕ್ಷ. ಆದರೆ ಮುಂದೆ ಬರುವ ದುಡ್ಡಿಗೆ ಇವತ್ತಿನ ಬೆಲೆ ಇಲ್ಲ, ಅಲ್ವಾ? 12%ರ ಲೆಕ್ಕದಲ್ಲಿ ಪ್ರತಿ ವರ್ಷಕ್ಕೆ ಒಂದು ಸಲ 1.12ರಿಂದ ಭಾಗಿಸಿದರೆ ಮೊದಲ ವರ್ಷದ 6 ಲಕ್ಷ ಇವತ್ತಿಗೆ 5.36 ಲಕ್ಷ, ಐದನೇ ವರ್ಷದ್ದು ಬರೀ 3.40 ಲಕ್ಷ. ಐದೂ ಸೇರಿ 21.63 ಲಕ್ಷ. ಅದರಲ್ಲಿ 20 ಲಕ್ಷ ಕಳೆದು ಉಳಿದದ್ದೇ ಎನ್‌ಪಿವಿ. ಈ ಉಳಿಕೆ ಸೊನ್ನೆಯಾಗುವ ಬಡ್ಡಿ ದರವೇ ಐಆರ್‌ಆರ್. ಅದು 12%ಗಿಂತ ಜಾಸ್ತಿ ಇರುವುದರಿಂದ ಎರಡೂ ಒಂದೇ ಮಾತು ಹೇಳುತ್ತಿವೆ.

ಈಗ ಮೊದಲ ವರ್ಷದ ಅಂಕಿ ಬದಲಿಸಿ ನೋಡಿ. ಮೆಷಿನ್ ಬರುವುದು, ಸೆಟ್ಟಿಂಗ್ ಆಗುವುದು ತಡವಾಗಿ ಆ ವರ್ಷ 3 ಲಕ್ಷವೇ ಉಳಿದರೆ ಎನ್‌ಪಿವಿ ಸುಮಾರು 1.05 ಲಕ್ಷ ಮೈನಸ್! ನಾನಾಗಿದ್ದರೆ ಆ 6 ಲಕ್ಷ ಎಲ್ಲಿಂದ ಬಂತು ಅಂತ ಮೊದಲು ಕೇಳುತ್ತಿದ್ದೆ. ಕಲ್ಲು, ಕಪ್ಪು ಕಾಳು ತೆಗೆದ ಅಕ್ಕಿಗೆ ಕ್ವಿಂಟಾಲ್‌ಗೆ ಎಷ್ಟು ಜಾಸ್ತಿ ಸಿಗುತ್ತೆ, ಕರೆಂಟು ಮತ್ತು ರಿಪೇರಿ ಕಳೆದಿದ್ದಾರಾ?

ಸಾಲದ ಬಡ್ಡಿಯನ್ನು ಮಾತ್ರ ಆ 6 ಲಕ್ಷದಲ್ಲಿ ಕಳೆಯಬೇಡಿ. 12%ರಲ್ಲಿ ಅದು ಆಗಲೇ ಸೇರಿದೆ.